ಕಳಿಸಿದ ಬಿಲ್ಲೆಲ್ಲ ಸೇರಲಿಲ್ಲ

ಅಕ್ಟೋಬರ್ 9ರ ಸಂಜೆ ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಫೋನ್ ಬಂತು. ಮಾತಾಡುತ್ತಿದ್ದದ್ದು ಅಲ್ಲಿ ಲೆಕ್ಕ ಬರೆಯುವ ಅಕೌಂಟೆಂಟ್ ಮೇಡಂ.

"ಸರ್, ಸೆಪ್ಟೆಂಬರ್ ತಿಂಗಳದ್ದು ಕೌಂಟರ್‌ನಲ್ಲಿ 612 ಬಿಲ್ ಅದಾವೆ, ಟ್ಯಾಲಿಯಲ್ಲಿ 610 ಐತೆ. ನಾಡಿದ್ದು ಜಿಎಸ್‌ಟಿಆರ್-1 ಹಾಕಬೇಕು. ಆ ಎರಡು ಬಿಲ್ ಎಲ್ಲಿ ಹೋದ್ವು?"

ಜಿಎಸ್‌ಟಿಆರ್-1 ಅಂದರೆ ಹಿಂದಿನ ತಿಂಗಳು ಯಾರಿಗೆ ಏನು ಮಾರಿದೆವು ಎಂದು ಸರ್ಕಾರಕ್ಕೆ ಕೊಡುವ ಪಟ್ಟಿ. ತಿಂಗಳು ತಿಂಗಳು ಸಲ್ಲಿಸುವವರಿಗೆ 11ನೇ ತಾರೀಖು ಕೊನೆ. ಅದರಲ್ಲಿ ಬಿಲ್ ಬಿಟ್ಟುಹೋದರೆ, ಮಾಲು ಕೊಂಡ ವ್ಯಾಪಾರಿಗೆ ತಾನು ಕಟ್ಟಿದ ತೆರಿಗೆಯ ಕ್ರೆಡಿಟ್ ಕಾಣುವುದಿಲ್ಲ. ಅವನು ಮೊದಲು ಅಂಗಡಿಯ ಯಜಮಾನರಿಗೆ ಫೋನ್ ಮಾಡುತ್ತಾನೆ, ಯಜಮಾನರು ನನಗೆ ಮಾಡುತ್ತಾರೆ. ಏಕೆಂದರೆ ಕೌಂಟರಿನ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಒಳಕೋಣೆಯ ಟ್ಯಾಲಿಗೆ ಬಿಲ್ ಸಾಗಿಸುವ ಸಣ್ಣ ಪ್ರೋಗ್ರಾಮನ್ನು ಬರೆದುಕೊಟ್ಟವನು ನಾನೇ.

ಮೊದಲೆಲ್ಲ ಆ ಮೇಡಂ ದಿನದ ಬಿಲ್‌ಗಳ ಕಟ್ಟು ಹಿಡಿದುಕೊಂಡು ಸಂಜೆ ಒಂದೊಂದನ್ನೂ ಟ್ಯಾಲಿಯಲ್ಲಿ ಎಂಟ್ರಿ ಹೊಡೆಯುತ್ತಿದ್ದರು. ಈಗ ನನ್ನ ಪ್ರೋಗ್ರಾಮು ಎರಡು ನಿಮಿಷಕ್ಕೊಮ್ಮೆ ಬಿಲ್ಲಿಂಗಿನಲ್ಲಿ ಹೊಸ ಬಿಲ್ ಬಂದಿದೆಯಾ ಎಂದು ನೋಡಿ, ಬಂದಿದ್ದರೆ ಟ್ಯಾಲಿಗೆ ಒಪ್ಪಿಸುತ್ತದೆ. ಒಪ್ಪಿಸುವ ಜಾಗಕ್ಕೇ ಎಪಿಐ ಎನ್ನುವುದು. ಬ್ಯಾಂಕಿನ ಹಳೇ ಕಾಲದ ಕೌಂಟರ್ ಕಿಂಡಿ ನೆನಪಿಸಿಕೊಳ್ಳಿ. ಒಳಗೆ ಏನು ನಡೆಯುತ್ತದೆ ಎಂದು ನಿಮಗೆ ಕಾಣುವುದಿಲ್ಲ. ಅವರು ಹೇಳಿದ ನಮೂನೆಯಲ್ಲಿ ಚಲನ್ ತುಂಬಿ ಒಳಗೆ ತಳ್ಳಿದರೆ, ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಚೀಟಿ ಹೊರಗೆ ಬರುತ್ತದೆ. ಟ್ಯಾಲಿಯ ಕಿಂಡಿ ಸಾಮಾನ್ಯವಾಗಿ 9000 ಎಂಬ ಪೋರ್ಟಿನಲ್ಲಿರುತ್ತದೆ. ಚಲನ್ನಿನ ನಮೂನೆ ಎಕ್ಸ್‌ಎಂಎಲ್. ಟ್ಯಾಲಿ ಓಡುತ್ತಿರುವ ಕಂಪ್ಯೂಟರಿನ ಬ್ರೌಸರಿನಲ್ಲಿ `http://localhost:9000` ಎಂದು ಹೊಡೆದರೆ, ಸೆಟ್ಟಿಂಗ್ ಸರಿಯಿದ್ದಲ್ಲಿ, ಸರ್ವರ್ ಓಡುತ್ತಿದೆ ಎಂಬ ಒಂದು ಸಾಲು ಬರುತ್ತದೆ. ಬರಲಿಲ್ಲವೆಂದರೆ ಕಿಂಡಿಯೇ ಮುಚ್ಚಿದೆ ಎಂದರ್ಥ; ಉಳಿದದ್ದನ್ನು ಹುಡುಕುವ ಮೊದಲು ಅದನ್ನು ತೆರೆಯಬೇಕು.

ಆ ಸಂಜೆ ಕಿಂಡಿ ತೆರೆದೇ ಇತ್ತು. ನನ್ನ ಪ್ರೋಗ್ರಾಮಿನ ಲಾಗ್ ನೋಡಿದರೆ 612 ಬಿಲ್‌ಗಳ ಮುಂದೆಯೂ "ಕಳಿಸಲಾಗಿದೆ" ಎಂದಿತ್ತು. ನನ್ನ ಕಡೆಯಿಂದ ಎಲ್ಲ ಹಸಿರು.

ಎರಡೂ ಕಡೆಯ ಬಿಲ್ ನಂಬರ್‌ಗಳನ್ನು ಎಕ್ಸೆಲ್ಲಿನಲ್ಲಿ ಅಕ್ಕಪಕ್ಕ ಸುರಿದು ಹೋಲಿಸಿದಾಗ ಗೊತ್ತಾಗಿದ್ದು, ತಪ್ಪಿದ್ದು ಎರಡಲ್ಲ, ನಾಲ್ಕು. ಮೂರು ಬಿಲ್ ಟ್ಯಾಲಿಗೆ ಬಂದೇ ಇರಲಿಲ್ಲ. ಒಂದು ಎರಡು ಸಲ ಬಂದಿತ್ತು. 612ರಲ್ಲಿ ಮೂರು ಕಳೆದು ಒಂದು ಕೂಡಿಸಿದರೆ 610. ಇನ್ನೆರಡು ಬಿಲ್ ಜೋಡಿಯಾಗಿ ಬಂದಿದ್ದರೆ ಎರಡೂ ಕಡೆ 612 ಎಂದೇ ತೋರುತ್ತಿತ್ತು, ಯಾರೂ ಫೋನ್ ಮಾಡುತ್ತಿರಲಿಲ್ಲ. ಈಗಲೂ ಅದನ್ನು ನೆನೆದರೆ ಮೈ ಬೆವರುತ್ತದೆ.

ಮೊದಲನೆಯದು ಹರಿಹರದ ಒಬ್ಬ ಗಿರಾಕಿಯ ಉದ್ರಿ ಬಿಲ್. ಅದೇ ಹೆಸರಿನ ಇನ್ನೊಬ್ಬ ಪಾರ್ಟಿ ಊರಲ್ಲೇ ಇದ್ದುದರಿಂದ, ಗೊಂದಲ ಬೇಡವೆಂದು ಮೇಡಂ ಟ್ಯಾಲಿಯಲ್ಲಿ ಆ ಲೆಡ್ಜರಿನ ಹೆಸರಿಗೆ "ಹರಿಹರ" ಎಂದು ಸೇರಿಸಿದ್ದರು. ಮಾಡಿದ್ದು ಸರಿಯಾದ ಕೆಲಸವೇ. ಆದರೆ ಬಿಲ್ಲಿಂಗಿನಲ್ಲಿ ಹಳೇ ಹೆಸರೇ ಉಳಿದಿತ್ತು. ಟ್ಯಾಲಿ ಪಾರ್ಟಿಯನ್ನು ಹೆಸರಿನಿಂದ ಗುರುತಿಸುತ್ತದೆ. ಹೆಸರು ಕೂಡದಿದ್ದರೆ ಆ ಪಾರ್ಟಿಯೇ ಇಲ್ಲ ಎನ್ನುತ್ತದೆ. ಅದೇ ಬಿಲ್ಲನ್ನು ನಾನು ಕೈಯಿಂದ ಮತ್ತೆ ಕಳಿಸಿದಾಗ ಬಂದ ಚೀಟಿ ಇದು. ಪಾರ್ಟಿಯ ಹೆಸರನ್ನು ಮಾತ್ರ ಬದಲಿಸಿದ್ದೇನೆ:

```
<RESPONSE>
  <LINEERROR>Ledger 'XYZ Traders' does not exist!</LINEERROR>
  <CREATED>0</CREATED>
  <ALTERED>0</ALTERED>
  <ERRORS>1</ERRORS>
</RESPONSE>
```

ಲೆಡ್ಜರ್ ಇಲ್ಲ, ಏನೂ ಸೃಷ್ಟಿಯಾಗಿಲ್ಲ, ಒಂದು ದೋಷ ಇದೆ. ಟ್ಯಾಲಿ ಇದನ್ನು ಬಾಯಿಬಿಟ್ಟು ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಯಾಕೆಂದರೆ ಈ ಚೀಟಿ ಒಂದು ಲಕೋಟೆಯೊಳಗೆ ಬರುತ್ತದೆ, ಲಕೋಟೆಯ ಮೇಲೆ 200 ಎಂಬ ಸಂಖ್ಯೆ ಇರುತ್ತದೆ. ಇಂಟರ್ನೆಟ್ಟಿನ ಭಾಷೆಯಲ್ಲಿ 200 ಎಂದರೆ "ಸರಿ". ನಾನು ಲಕೋಟೆಯ ಮೇಲಿನ 200 ನೋಡಿ ಖುಷಿಪಟ್ಟು ಲಕೋಟೆ ಒಡೆಯದೆ ಫೈಲಿಗೆ ಹಾಕುತ್ತಿದ್ದೆ. ಆ 200ಕ್ಕೆ ಇರುವ ಅರ್ಥ "ನಿನ್ನ ಚಲನ್ ನನ್ನ ಕೈ ಸೇರಿತು, ಇಗೋ ಉತ್ತರ" ಎಂದಷ್ಟೇ. "ಖಾತೆಗೆ ಜಮೆ ಮಾಡಿಕೊಂಡೆ" ಎಂದಲ್ಲ. ರಿಜಿಸ್ಟರ್ಡ್ ಪೋಸ್ಟಿನ ಕಾಲದಲ್ಲಿ ಅದರ ಕಾರ್ಡು ಸಹಿಯಾಗಿ ವಾಪಸ್ ಬಂದ ಮಾತ್ರಕ್ಕೆ ಕಾಗದದಲ್ಲಿ ಕೇಳಿದ್ದಕ್ಕೆ ಒಪ್ಪಿದರು ಎಂದಾಗುತ್ತಿತ್ತೇ? ಹೊಸದಾಗಿ ಈ ಜೋಡಣೆ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ ಎಂದು ನನ್ನ ಅನುಭವ. ಆಗ ನಾನು ಹೊಸಬನೇನೂ ಆಗಿರಲಿಲ್ಲ, ಅದು ಬೇರೆ ಮಾತು.

ಎರಡನೇ ಬಿಲ್ಲಿನದು ಇನ್ನೂ ಮಜವಾಗಿತ್ತು. ಮೊತ್ತ ಬರೀ 160 ರೂಪಾಯಿ. ಮೂರು ಸಣ್ಣ ಪೈಪ್ ಫಿಟಿಂಗ್, ಡಿಸ್ಕೌಂಟ್ ಕಳೆದು ಬೆಲೆ 52.25, 47.25, 36.15. ತೆರಿಗೆ 18%, ಅಂದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಬಿಲ್ಲಿಂಗ್ ಸಾಫ್ಟ್‌ವೇರು ಒಂದೊಂದು ಸಾಲಿಗೂ ಬೇರೆಬೇರೆಯಾಗಿ 9% ಹಾಕಿ, ಅಲ್ಲಲ್ಲೇ ಪೈಸೆಗೆ ಸರಿಮಾಡಿತ್ತು: 4.70, 4.25, 3.25, ಒಟ್ಟು 12.20. ನನ್ನ ಪ್ರೋಗ್ರಾಮು ಬಿಲ್ಲಿನ ತೆರಿಗೆಯನ್ನು ಎತ್ತಿಕೊಳ್ಳುವ ಬದಲು ಬುದ್ಧಿವಂತಿಕೆ ತೋರಿಸಿ ತಾನೇ ಲೆಕ್ಕ ಹಾಕಿತು. ಒಟ್ಟು ಬೆಲೆ 135.65ಕ್ಕೆ 9% ಅಂದರೆ 12.2085, ಪೈಸೆಗೆ ತಂದರೆ 12.21. ಒಂದು ತೆರಿಗೆಗೆ ಒಂದು ಪೈಸೆ, ಎರಡಕ್ಕೆ ಎರಡು ಪೈಸೆ ಜಾಸ್ತಿ.

ಕಾಗದದ ಬಿಲ್ಲಿನ ಪ್ರಕಾರ ಬೆಲೆ 135.65, ತೆರಿಗೆ 24.40, ಒಟ್ಟು 160.05, ಐದು ಪೈಸೆ ರೌಂಡ್ ಆಫ್ ಮಾಡಿ ಗಿರಾಕಿಯಿಂದ ಪಡೆದದ್ದು 160. ಟ್ಯಾಲಿಗೆ ಹೋದ ವೋಚರಿನಲ್ಲಿ ಒಂದು ಕಡೆ ಗಿರಾಕಿಯ 160 ಮತ್ತು ರೌಂಡ್ ಆಫಿನ 0.05 ಸೇರಿ 160.05. ಇನ್ನೊಂದು ಕಡೆ ಮಾರಾಟ 135.65 ಮತ್ತು ನಾನು ಹಾಕಿದ ತೆರಿಗೆ 24.42 ಸೇರಿ 160.07. ಜಮಾ ಖರ್ಚು ಎರಡು ಪೈಸೆ ಹೊಂದಲಿಲ್ಲ. ದ್ವಿನಮೂದು ಪದ್ಧತಿಗೆ ಎರಡು ಪೈಸೆಯೂ ಒಂದೇ, ಎರಡು ಲಕ್ಷವೂ ಒಂದೇ. `Voucher totals do not match!` ಎಂದು ಹೇಳಿ ಟ್ಯಾಲಿ ಬಿಲ್ಲನ್ನು ವಾಪಸ್ ತಳ್ಳಿತು.

ಇಂಥದ್ದು ಎಲ್ಲ ಬಿಲ್ಲಿಗೂ ಆಗುವುದಿಲ್ಲ, ಅದೇ ತೊಂದರೆ. ಒಂದೇ ಸಾಲಿನ ಬಿಲ್ಲಿಗೆ ಎರಡು ಲೆಕ್ಕವೂ ಒಂದೇ ಬರುತ್ತದೆ. ಬೆಲೆ ದುಂಡಾಗಿದ್ದರೂ ಬರುತ್ತದೆ. ಡಿಸ್ಕೌಂಟಿನಿಂದ ಚಿಲ್ಲರೆ ಪೈಸೆ ಹುಟ್ಟಿ, ಸಾಲುಗಳೂ ನಾಲ್ಕಾರಾದಾಗ ಮಾತ್ರ ಎಲ್ಲೋ ಒಂದು ಜಾರುತ್ತದೆ. ಕೆಲಸ ಒಪ್ಪಿಸುವ ಮೊದಲು ನಾನು ಪರೀಕ್ಷೆಗೆ ಕೊಟ್ಟ ಬಿಲ್‌ಗಳೆಲ್ಲ 100, 500, 1000 ರೂಪಾಯಿಯವು. ಅವು ಜಾರುವ ಜಾತಿಯವಲ್ಲ. ಪರಿಹಾರ ಎರಡು ಮಾತಿನದು: ಸಾಗಿಸುವವನು ಲೆಕ್ಕ ಹಾಕಬಾರದು. ಗಿರಾಕಿಯ ಕೈಗೆ ಕೊಟ್ಟ ಕಾಗದದಲ್ಲಿ ಯಾವ ಅಂಕಿ ಇದೆಯೋ ಅದೇ ಅಂಕಿ, ರೌಂಡ್ ಆಫ್ ಸಮೇತ, ಟ್ಯಾಲಿಗೆ ಹೋಗಬೇಕು. ಕಳಿಸುವ ಮೊದಲು ಎರಡು ಬದಿಯನ್ನೂ ಒಮ್ಮೆ ಕೂಡಿ ನೋಡಿದರೆ ಸಾಕು. ಹೊಂದದಿದ್ದರೆ ಅದು ಕಿಂಡಿಯವರೆಗೂ ಹೋಗಬೇಕಾದ್ದೇ ಇಲ್ಲ.

ಮೂರನೆಯದನ್ನು ಹುಡುಕಲು ರಾತ್ರಿ ಹತ್ತಾಯಿತು. ಅದೊಂದು ನಗದು ಬಿಲ್. ಲಕೋಟೆ ಒಡೆದು ಓದುವಂತೆ ಮಾಡಿದ ಮೇಲೂ ಅದರ ಚೀಟಿಯಲ್ಲಿ `CREATED` ಒಂದು, `ERRORS` ಸೊನ್ನೆ. ಟ್ಯಾಲಿ ತೆಗೆದುಕೊಂಡಿದೆ ಎನ್ನುತ್ತಿದೆ, ಡೇ ಬುಕ್ಕಿನಲ್ಲಿ ಮಾತ್ರ ಇಲ್ಲ. ಕೊನೆಗೆ ಮೇಡಂ ಅವರೇ ಹೇಳಿದರು: "ಸರ್, ತಮ್ಮನವರ ಫರ್ಮ್‌ನಲ್ಲಿ ಒಂದ್ಸಲ ನೋಡ್ರಿ."

ಅಲ್ಲೇ ಇತ್ತು. ಯಜಮಾನರ ತಮ್ಮನದು ಪಕ್ಕದಲ್ಲೇ ಪೇಂಟ್ ಅಂಗಡಿ, ಎರಡೂ ಫರ್ಮಿನ ಪುಸ್ತಕ ಒಂದೇ ಟ್ಯಾಲಿಯಲ್ಲಿ, ಬರೆಯುವವರೂ ಇವರೇ. ಆ ಹೊತ್ತಿನಲ್ಲಿ ಎರಡು ಕಂಪನಿಗಳೂ ತೆರೆದಿದ್ದವು, ಪರದೆಯ ಮೇಲೆ ತಮ್ಮನದು ಮುಂದಿತ್ತು. ಚಲನ್ನಿನಲ್ಲಿ ಯಾವ ಕಂಪನಿ ಎಂದು ಬರೆಯುವ ಜಾಗಕ್ಕೆ `SVCURRENTCOMPANY` ಎಂದು ಹೆಸರು. ನಾನು ಅದನ್ನು ಬರೆದೇ ಇರಲಿಲ್ಲ. ಬರೆಯದಿದ್ದರೆ ಟ್ಯಾಲಿ ಆಗ ಮುಂದಿರುವ ಕಂಪನಿಗೇ ಹಾಕುತ್ತದೆ. ಉದ್ರಿ ಬಿಲ್ ಆಗಿದ್ದರೆ ಆ ಪಾರ್ಟಿ ತಮ್ಮನ ಪುಸ್ತಕದಲ್ಲಿ ಇರುತ್ತಿರಲಿಲ್ಲ, ದೋಷ ಬರುತ್ತಿತ್ತು, ಬಚಾವಾಗುತ್ತಿದ್ದೆವು. ಆದರೆ ನಗದು ಖಾತೆ ಪ್ರತಿ ಕಂಪನಿಯಲ್ಲೂ ಟ್ಯಾಲಿಯೇ ಮಾಡಿಟ್ಟಿರುತ್ತದೆ. ಮಾರಾಟ, ತೆರಿಗೆ ಲೆಡ್ಜರ್‌ಗಳನ್ನು ಮೇಡಂ ಎರಡೂ ಕಡೆ ಒಂದೇ ಹೆಸರಿನಲ್ಲಿ ಮಾಡಿದ್ದರು. ಹಾಗಾಗಿ ಅಣ್ಣನ ಮಾರಾಟ ಸದ್ದಿಲ್ಲದೆ ತಮ್ಮನ ಲೆಕ್ಕಕ್ಕೆ ಸೇರಿತ್ತು. ಅಣ್ಣತಮ್ಮಂದಿರು ಅನ್ಯೋನ್ಯವಾಗಿದ್ದಾರೆ, ನಕ್ಕು ಬಿಟ್ಟರು. ಎಲ್ಲ ಮನೆಗಳಲ್ಲೂ ಹಾಗಿರುವುದಿಲ್ಲ.

ಇನ್ನು ಎರಡು ಸಲ ಬಂದ ಬಿಲ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಉಳಿದ ಮೂರೂ ತಪ್ಪು, ಇದು ತಪ್ಪಿಗಿಂತ ಹೆಚ್ಚಿನದು.

ಆ ದಿನ ಸಂಜೆ ಮೇಡಂ ಬ್ಯಾಕಪ್ ತೆಗೆಯುತ್ತಿದ್ದರು. ಅದು ಮುಗಿಯುವವರೆಗೆ ಟ್ಯಾಲಿಗೆ ಕಿಂಡಿಯ ಕಡೆ ತಿರುಗಲು ಪುರುಸೊತ್ತಿಲ್ಲ. ನನ್ನ ಪ್ರೋಗ್ರಾಮು ಒಂದು ಬಿಲ್ಲನ್ನು ಒಳಗೆ ತಳ್ಳಿ ಹತ್ತು ಸೆಕೆಂಡು ಕಾಯಿತು. ಚೀಟಿ ಬರಲಿಲ್ಲ. "ವಿಫಲ" ಎಂದು ಬರೆದುಕೊಂಡು, ಒಂದು ನಿಮಿಷ ಬಿಟ್ಟು ಅದೇ ಬಿಲ್ಲನ್ನು ಮತ್ತೆ ತಳ್ಳಿತು. ಅಷ್ಟರಲ್ಲಿ ಬ್ಯಾಕಪ್ ಮುಗಿದಿತ್ತು. ಟ್ಯಾಲಿ ಸಾಲಿನಲ್ಲಿದ್ದ ಮೊದಲನೆಯದನ್ನೂ ತೆಗೆದುಕೊಂಡಿತ್ತು, ಆಮೇಲೆ ಬಂದದ್ದನ್ನೂ ತೆಗೆದುಕೊಂಡಿತು. ಸೇಲ್ಸ್ ವೋಚರಿಗೆ ಟ್ಯಾಲಿಯೇ ನಂಬರ್ ಕೊಡುವಂತೆ ಸೆಟ್ಟಿಂಗ್ ಇದ್ದುದರಿಂದ ಎರಡಕ್ಕೂ ಬೇರೆಬೇರೆ ನಂಬರ್ ಬಂತು. ಕೌಂಟರಿನ ಬಿಲ್ ನಂಬರ್ ರೆಫರೆನ್ಸ್ ಜಾಗದಲ್ಲಿ ಕೂತಿತ್ತು, ಯಾರೂ ಅತ್ತ ನೋಡಲಿಲ್ಲ.

ನಾನು ಅಲ್ಲಿಯವರೆಗೆ ಕಳಿಸಿದ್ದಕ್ಕೆ ಎರಡೇ ಗತಿ ಎಂದುಕೊಂಡಿದ್ದೆ: ಸೇರಿತು, ಇಲ್ಲವೇ ಸೇರಲಿಲ್ಲ. ಮೂರನೆಯದೊಂದಿದೆ: ಗೊತ್ತಿಲ್ಲ. ಉತ್ತರ ಬರಲಿಲ್ಲವೆಂದರೆ ಕೆಲಸ ಆಗಲಿಲ್ಲ ಎಂದಲ್ಲ. ಕೆಲಸ ಆಗಿ ಉತ್ತರ ದಾರಿಯಲ್ಲಿ ಕಳೆದುಹೋಗಿರಬಹುದು, ಅಥವಾ ಇನ್ನೂ ಆಗಬೇಕಿರಬಹುದು. ಫೋನಿನಲ್ಲಿ ಹಣ ಕಳಿಸುವಾಗ ಚಕ್ರ ತಿರುಗುತ್ತಾ ನಿಂತರೆ ನಾವು ಏನು ಮಾಡುತ್ತೇವೆ? ತಿಳಿದವರು ಮತ್ತೆ ಒತ್ತುವುದಿಲ್ಲ. ಮೊದಲು ಬ್ಯಾಲೆನ್ಸ್ ನೋಡುತ್ತಾರೆ. ಪ್ರೋಗ್ರಾಮಿಗೂ ಅದನ್ನೇ ಕಲಿಸಬೇಕಿತ್ತು.

ಕಲಿಸುವ ದಾರಿ ಕಾನೂನಿನಲ್ಲೇ ಇತ್ತು. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರ್ 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು. ಪ್ರತಿ ಬಿಲ್ಲಿಗೂ ಹುಟ್ಟುವಾಗಲೇ ಒಂದು ಗುರುತು ಬಂದಿರುತ್ತದೆ ಎಂದಾಯಿತು. ಆ ಗುರುತನ್ನೇ ಟ್ಯಾಲಿಗೂ ಹೇಳಿದೆ:

```
<VOUCHER REMOTEID="A1-SB/25-26/3418"
         VCHTYPE="Sales" ACTION="Create">
  <DATE>20250918</DATE>
  <VOUCHERNUMBER>SB/25-26/3418</VOUCHERNUMBER>
```

ಇದರಲ್ಲಿ ಮುಖ್ಯವಾದದ್ದು `REMOTEID`. ಅದೇ ಗುರುತಿನ ವೋಚರು ಎರಡನೇ ಸಲ ಬಂದರೆ ಟ್ಯಾಲಿ ಹೊಸದನ್ನು ಹುಟ್ಟಿಸದೆ ಇದ್ದದ್ದನ್ನೇ ತಿದ್ದುತ್ತದೆ. ಚೀಟಿಯಲ್ಲಿ `CREATED` ಬದಲು `ALTERED` ಒಂದಾಗುತ್ತದೆ. ಮುಂದಿರುವ `A1` ಅಣ್ಣನ ಫರ್ಮಿನ ಗುರುತು, ತಮ್ಮನದು `A2`. ಜೊತೆಗೆ ಸೇಲ್ಸ್ ವೋಚರಿನ ನಂಬರಿಂಗನ್ನು ಮ್ಯಾನ್ಯುಯಲ್ ಮಾಡಿ, ಅದೇ ನಂಬರ್ ಮರುಕಳಿಸದಂತೆ ತಡೆಯುವ ಆಯ್ಕೆಯನ್ನೂ ಹಾಕಿದೆವು. ಈಗ ಗಿರಾಕಿಯ ಕೈಯಲ್ಲಿರುವ ನಂಬರೂ ಟ್ಯಾಲಿಯ ನಂಬರೂ ಒಂದೇ.

ಹಾಗಂತ ಕಣ್ಣುಮುಚ್ಚಿ ಮತ್ತೆ ಮತ್ತೆ ಕಳಿಸುವಂತೆಯೂ ಇಲ್ಲ. ತಿದ್ದುತ್ತದೆ ಎಂದೆನಲ್ಲ, ಅದರಲ್ಲೊಂದು ಮುಳ್ಳಿದೆ. ಬಿಲ್ ಟ್ಯಾಲಿಗೆ ಸೇರಿದ ಮೇಲೆ ಮೇಡಂ ಅದಕ್ಕೊಂದು ಷರಾ ಬರೆದಿರಬಹುದು. ನಾನು ಮತ್ತೆ ಕಳಿಸಿದರೆ ಅವರು ಬರೆದದ್ದರ ಮೇಲೆ ನನ್ನದು ಕೂರುತ್ತದೆ. ಆದ್ದರಿಂದ ಉತ್ತರ ಬಾರದ ಬಿಲ್ಲಿನ ವಿಷಯದಲ್ಲಿ ಪ್ರೋಗ್ರಾಮು ಮೊದಲು ಆ ತಾರೀಖಿನ ಡೇ ಬುಕ್ ತರಿಸಿಕೊಂಡು ನಂಬರ್ ಇದೆಯಾ ನೋಡುತ್ತದೆ. ಇದ್ದರೆ ಸೇರಿತು ಎಂದು ಗುರುತು ಹಾಕಿ ಸುಮ್ಮನಾಗುತ್ತದೆ. ಇಲ್ಲದಿದ್ದರೆ ಮಾತ್ರ ಮತ್ತೆ ಕಳಿಸುತ್ತದೆ. ನೋಡುವುದಕ್ಕೂ ಕಳಿಸುವುದಕ್ಕೂ ನಡುವೆ ಹಳೆಯದು ಸೇರಿಕೊಂಡುಬಿಟ್ಟರೆ? ಆಗ `REMOTEID` ಕಾಯುತ್ತದೆ.

ಆಮೇಲೆ ಇಡೀ ಏರ್ಪಾಟನ್ನು ಒಂದು ಕ್ಯೂ ಮಾಡಿ ಕಟ್ಟಿದೆ. ಬಿಲ್ ಆದ ಕೂಡಲೇ ಅದರ ಹೆಸರು ಕ್ಯೂನಲ್ಲಿ ನಿಲ್ಲುತ್ತದೆ. `CREATED` ಅಥವಾ `ALTERED` ಒಂದಾಗಿ, ದೋಷಗಳ ಲೆಕ್ಕ ಸೊನ್ನೆ ಎಂದು ಚೀಟಿ ಓದಿದ ಮೇಲಷ್ಟೇ ಅದು ಕ್ಯೂ ಬಿಡುತ್ತದೆ. ಕಿಂಡಿಯೇ ಮುಚ್ಚಿದ್ದರೆ, ಅಂದರೆ ಕಂಪ್ಯೂಟರ್ ಆಫ್ ಆಗಿದ್ದರೆ, ಟ್ಯಾಲಿ ತೆರೆಯದಿದ್ದರೆ, ಒಂದು ನಿಮಿಷ, ಐದು ನಿಮಿಷ, ಕಾಲು ಗಂಟೆ, ಆಮೇಲೆ ಗಂಟೆಗೊಮ್ಮೆ ಬಾಗಿಲು ತಟ್ಟುತ್ತದೆ. ದಾವಣಗೆರೆಯಲ್ಲಿ ಕರೆಂಟ್ ಹೋಗುವುದು ದೋಷವಲ್ಲ, ದಿನಚರಿ. ಅದಕ್ಕೆ ಯಾರನ್ನೂ ಎಬ್ಬಿಸಬೇಕಿಲ್ಲ. ಆದರೆ ಟ್ಯಾಲಿ ಓದಿ ನೋಡಿ ಬೇಡವೆಂದ ಬಿಲ್ಲನ್ನು ನೂರು ಸಲ ಕಳಿಸಿದರೂ ಅದು ನೂರು ಸಲ ಬೇಡ ಎನ್ನುತ್ತದೆ. ಅಂಥದ್ದು ಬೇರೆ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿ ಮೇಡಂ ಅವರ ಪರದೆಯಲ್ಲಿ ಕನ್ನಡದಲ್ಲೇ ಕಾಣುತ್ತದೆ: "3418: ಈ ಪಾರ್ಟಿ ಟ್ಯಾಲಿಯಲ್ಲಿ ಇಲ್ಲ."

ಇಲ್ಲಿ ಯಜಮಾನರು ಒಂದು ಸಲಹೆ ಕೊಟ್ಟರು. ಪಾರ್ಟಿ ಇಲ್ಲದಿದ್ದರೆ ಪ್ರೋಗ್ರಾಮೇ ಹೊಸ ಲೆಡ್ಜರ್ ಮಾಡಿಕೊಳ್ಳಲಿ, ಅವರನ್ನು ಯಾಕೆ ಕೇಳಬೇಕು ಎಂದು. ಟ್ಯಾಲಿಯ ಎಪಿಐ ಅದನ್ನೂ ಮಾಡುತ್ತದೆ. ನಾನು ಒಪ್ಪಲಿಲ್ಲ. ಕೌಂಟರಿನ ಹುಡುಗರು ಒಂದೇ ಪಾರ್ಟಿಯ ಹೆಸರನ್ನು ಮೂರು ಬಗೆಯಲ್ಲಿ ಹೊಡೆಯುತ್ತಾರೆ. ಮೂರು ಲೆಡ್ಜರ್ ಹುಟ್ಟುತ್ತವೆ. ಒಂದು ಲಕ್ಷದ ಬಾಕಿ ಮೂರು ಕಡೆ ಹರಿದು ಹಂಚಿಹೋಗುತ್ತದೆ. ಸೋಮವಾರ ವಸೂಲಿಗೆ ಹೋಗುವವನ ಕೈಯಲ್ಲಿ 30 ಸಾವಿರದ ಚೀಟಿ ಇರುತ್ತದೆ, ಉಳಿದ 70 ಸಾವಿರ ಯಾರೂ ಕೇಳುವುದಿಲ್ಲ. ಸಿಂಕ್ ವಿಫಲವಾದರೆ ಕಣ್ಣಿಗೆ ಕಾಣುತ್ತದೆ, ಹೀಗೆ ಸಫಲವಾದದ್ದು ಕಾಣುವುದಿಲ್ಲ. ಬದಲಿಗೆ, ಬಿಲ್ಲಿಂಗಿನ ಗಿರಾಕಿ ಸಂಖ್ಯೆಗೆ ಟ್ಯಾಲಿಯ ಲೆಡ್ಜರ್ ಯಾವುದೆಂದು ಒಂದು ಜೋಡಿಪಟ್ಟಿ ಮಾಡಿದೆವು. ಟ್ಯಾಲಿಯಲ್ಲಿ ಹೆಸರು ಬದಲಿಸಿದರೆ ಹಳೇ ಹೆಸರನ್ನು ಅಲಿಯಾಸ್ ಎಂದು ಉಳಿಸಿಕೊಳ್ಳುವುದನ್ನು ಮೇಡಂ ರೂಢಿ ಮಾಡಿಕೊಂಡಿದ್ದಾರೆ. ಹರಿಹರದ ಪಾರ್ಟಿ ಆಮೇಲೆ ತಪ್ಪಿಸಿಕೊಂಡಿಲ್ಲ.

ಕಂಪನಿಯ ಹೆಸರು ಈಗ ಪ್ರತಿ ಚಲನ್ನಿನಲ್ಲೂ ಇರುತ್ತದೆ. ಏಪ್ರಿಲ್‌ನಲ್ಲಿ ಕೆಲವರು ಹೊಸ ವರ್ಷಕ್ಕೆ ಹೊಸ ಕಂಪನಿ ತೆರೆಯುತ್ತಾರೆ, ಆಗ ಇದನ್ನು ಬದಲಿಸಲು ಮರೆತರೆ ಮತ್ತೆ ಅದೇ ಕಥೆ.

ಕೊನೆಯದು ರಾತ್ರಿಯ ತಾಳೆ. ಒಂಬತ್ತೂವರೆಗೆ ಅಂಗಡಿ ಬಾಗಿಲು ಹಾಕಿದ ಮೇಲೆ ಪ್ರೋಗ್ರಾಮು ಆ ದಿನದ ಬಿಲ್ ನಂಬರ್‌ಗಳನ್ನು ಎರಡೂ ಕಡೆಯಿಂದ ತರಿಸಿ ಒಂದೊಂದಾಗಿ ಹೋಲಿಸುತ್ತದೆ. ಕೌಂಟರಿನಲ್ಲಿದ್ದು ಟ್ಯಾಲಿಯಲ್ಲಿಲ್ಲದವು, ಟ್ಯಾಲಿಯಲ್ಲಿದ್ದು ಕೌಂಟರಿನಲ್ಲಿಲ್ಲದವು, ಎರಡೂ ಕಡೆ ಇದ್ದು ಮೊತ್ತ ಹೊಂದದವು, ಹೀಗೆ. ಬರೀ ಎಣಿಕೆಯನ್ನು ನಾನು ಇನ್ನು ನಂಬುವುದಿಲ್ಲ. ಎರಡನೇ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕೌಂಟರಿನಲ್ಲಿ ರದ್ದಾದ ಬಿಲ್. ಗಿರಾಕಿ ಮಾಲು ಬೇಡವೆಂದ, ಹುಡುಗ ಬಿಲ್ ರದ್ದು ಮಾಡಿದ, ಅಷ್ಟರಲ್ಲಿ ಅದು ಟ್ಯಾಲಿ ಸೇರಿಯಾಗಿತ್ತು. ಅದನ್ನು ತಾನಾಗಿ ಅಳಿಸುವ ಅಧಿಕಾರವನ್ನು ನಾನು ಪ್ರೋಗ್ರಾಮಿಗೆ ಕೊಟ್ಟಿಲ್ಲ. ರಿಟರ್ನ್ ಸಲ್ಲಿಸುವ ಮೊದಲು ಮೇಡಂ ನೋಡಿ ರದ್ದು ಮಾಡುತ್ತಾರೆ. ಸಲ್ಲಿಸಿಯಾಗಿದ್ದರೆ ಅದು ಆಡಿಟರ್ ಹತ್ತಿರ ಕೂತು ಮಾತಾಡುವ ವಿಷಯ.

ತಾಳೆ ಮುಗಿದ ಮೇಲೆ ಮೇಡಂ ಮೊಬೈಲಿಗೆ ಒಂದು ಸಾಲಿನ ಸಂದೇಶ ಹೋಗುತ್ತದೆ. ಮೊದಲಿಗೆ ವ್ಯತ್ಯಾಸ ಇದ್ದರೆ ಮಾತ್ರ ಕಳಿಸುತ್ತಿದ್ದೆ. ನವೆಂಬರಿನಲ್ಲಿ ನಾಲ್ಕು ದಿನ ಯಾವ ಸಂದೇಶವೂ ಬರಲಿಲ್ಲ, ಎಲ್ಲ ಸರಿಯಿದೆ ಎಂದುಕೊಂಡೆವು. ನೋಡಿದರೆ ತಾಳೆ ನೋಡುವ ಭಾಗವೇ ನಿಂತುಹೋಗಿತ್ತು. ಈಗ ಸರಿಯಿದ್ದರೂ "ಇವತ್ತು 27, ಟ್ಯಾಲಿಯಲ್ಲಿ 27, ವ್ಯತ್ಯಾಸ ಇಲ್ಲ" ಎಂದು ಬರುತ್ತದೆ. ಹತ್ತು ಗಂಟೆಯಾದರೂ ಬರದಿದ್ದರೆ ಮೇಡಂ ಫೋನ್ ಮಾಡುತ್ತಾರೆ. ಹೋದ ಶನಿವಾರ ಊಟಕ್ಕೆ ಕೂತಿದ್ದಾಗ ಮಾಡಿದ್ದರು.

"ಸರ್, ಮೆಸೇಜ್ ಬಂದಿಲ್ಲ."

"ಅಂಗಡೀಲಿ ಕರೆಂಟ್ ಐತೇನ್ರೀ?"

"ಇಲ್ಲ. ಆದ್ರೂ ಹೇಳೋಣಾಂತ ಮಾಡ್ದೆ."